22/7ರ ಕ್ರಮಸಂಖ್ಯೆ 400: ಎಲ್ಲ ಭಿನ್ನರಾಶಿಗಳೂ ಒಂದೇ ಸಾಲಿನಲ್ಲಿ

22/7 ಎಂಬ ಭಿನ್ನರಾಶಿಗೆ ಒಂದು ಕ್ರಮಸಂಖ್ಯೆ ಇದೆ: 400. ಬಾಯಿಗೆ ಬಂದ ಸಂಖ್ಯೆ ಅಲ್ಲ ಇದು. ಎಲ್ಲ ಧನ ಭಿನ್ನರಾಶಿಗಳನ್ನೂ ಒಂದರ ಹಿಂದೆ ಒಂದರಂತೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೊದಲಿನಿಂದ ಎಣಿಸುತ್ತಾ ಬಂದರೆ, ಸರಿಯಾಗಿ ನಾನೂರನೆಯ ಜಾಗದಲ್ಲಿ ಅದು ಸಿಗುತ್ತದೆ. 355/113 ಎಲ್ಲಿದೆ ಅಂತ ಕೇಳಿದರೆ ಅದಕ್ಕೂ ಉತ್ತರ ಇದೆ: 1,09,166. ಯಾವ ಭಿನ್ನರಾಶಿಯನ್ನು ಬೇಕಾದರೂ ಕೇಳಿ, ಅದಕ್ಕೊಂದು ನಂಬರು ಇದ್ದೇ ಇರುತ್ತದೆ. ಆ ಸಾಲನ್ನು ಕಟ್ಟುವುದು ಹೇಗೆ, ಅದರಲ್ಲಿ ಒಂದೂ ತಪ್ಪಿಹೋಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ ಅನ್ನುವುದನ್ನು ನಿಧಾನವಾಗಿ ನೋಡೋಣ.

ಮೊದಲು ಒಂದು ಮಾತು ಸ್ಪಷ್ಟ ಆಗಬೇಕು. ಒಂದು ಗಣವನ್ನು ‘ಎಣಿಸಬಹುದು’ ಅಂದರೆ ಅದನ್ನು ಎಣಿಸಿ ಮುಗಿಸಬಹುದು ಅಂತ ಅರ್ಥ ಅಲ್ಲ. 1, 2, 3, 4... ಎಂಬ ಸಾಲು ಕೂಡ ಮುಗಿಯುವುದಿಲ್ಲ. ಆದರೆ ಅದರಲ್ಲಿ ಯಾವುದೇ ಒಂದು ಸಂಖ್ಯೆಯನ್ನು ಹೆಸರಿಸಿದರೆ, ಅದರ ಸರದಿ ಬಂದೇ ಬರುತ್ತದೆ. ಒಂದು ಕೋಟಿ ಅಂದರೆ ಒಂದು ಕೋಟಿ ಹೆಜ್ಜೆ, ಅಷ್ಟೆ. ಎಣಿಸಬಹುದು ಅನ್ನುವುದಕ್ಕೆ ಬೇಕಾಗಿರುವುದು ಇಷ್ಟೇ: ಸಾಲಿನಲ್ಲಿ ನಿಂತ ಪ್ರತಿಯೊಂದಕ್ಕೂ ಮುಂದೆ ನಿಂತವರು ಲೆಕ್ಕಕ್ಕೆ ಸಿಗುವಷ್ಟೇ ಇರಬೇಕು. ಯಾರೂ ಕೊನೆಯಿಲ್ಲದೆ ಕಾಯುವ ಹಾಗೆ ಇರಬಾರದು. ಈ ಒಂದು ನಿಯಮವನ್ನು ಕೈಯಲ್ಲಿ ಹಿಡಿದುಕೊಂಡಿರಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಭಿನ್ನರಾಶಿಗಳಿಗೆ ಬರೋಣ. ಅಂಶವೂ ಛೇದವೂ ಪೂರ್ಣಾಂಕ ಆಗಿರುವ, ಛೇದ ಸೊನ್ನೆ ಆಗಿರದ ಸಂಖ್ಯೆಗಳು, ಅಂದರೆ ಭಾಗಲಬ್ಧ ಸಂಖ್ಯೆಗಳು. ಸದ್ಯಕ್ಕೆ ಧನ ಸಂಖ್ಯೆಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಸೊನ್ನೆ ಮತ್ತು ಋಣ ಸಂಖ್ಯೆಗಳನ್ನು ಆಮೇಲೆ ಸೇರಿಸುವುದು ಬಹಳ ಸುಲಭ.

ಸಾಲು ಅಂದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಗಾತ್ರದ ಕ್ರಮ. ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಆದರೆ ಇಲ್ಲಿ ಮೊದಲ ಹೆಜ್ಜೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ, ಯಾಕೆಂದರೆ ಎಲ್ಲಕ್ಕಿಂತ ಚಿಕ್ಕ ಧನ ಭಿನ್ನರಾಶಿ ಅಂತ ಒಂದು ಇಲ್ಲವೇ ಇಲ್ಲ. 1/1000 ಅಂದರೆ ಅದರ ಅರ್ಧ 1/2000 ಇದೆ, ಅದರ ಅರ್ಧ 1/4000 ಇದೆ. ಮೊದಲನೆಯವರು ಯಾರು ಅಂತಲೇ ಗೊತ್ತಿಲ್ಲದಿದ್ದರೆ ಸಾಲು ಶುರು ಮಾಡುವುದು ಹೇಗೆ? ಎಲ್ಲೋ ಮಧ್ಯದಿಂದ ಶುರು ಮಾಡಿದರೂ ಇದೇ ಕಥೆ. 1/3 ಆದ ಮೇಲೆ ಯಾವುದು? 1/2 ಅಂದರೆ ನಡುವೆ 2/5 ಇದೆ. 2/5 ಅಂದರೆ 1/3ಕ್ಕೂ ಅದಕ್ಕೂ ನಡುವೆ 3/8 ಇದೆ. ಗಾತ್ರದ ಕ್ರಮದಲ್ಲಿ ‘ಪಕ್ಕದ ಭಿನ್ನರಾಶಿ’ ಅನ್ನುವುದೇ ಇಲ್ಲ. ಬಹಳ ಜನ ಇಲ್ಲಿಗೇ ನಿಂತುಬಿಟ್ಟು, ಹಾಗಾದರೆ ಭಿನ್ನರಾಶಿಗಳನ್ನು ಎಣಿಸಲು ಆಗುವುದಿಲ್ಲ ಅಂದುಕೊಳ್ಳುತ್ತಾರೆ. ಆದರೆ ಆಗಿರುವುದು ಇಷ್ಟೇ: ಒಂದು ಕ್ರಮ ಕೆಲಸ ಮಾಡಲಿಲ್ಲ. ಸಾಲು ಗಾತ್ರದ ಕ್ರಮದಲ್ಲೇ ಇರಬೇಕು ಅಂತ ನಮಗೆ ಯಾರೂ ಹೇಳಿಲ್ಲ ಅಲ್ವಾ?

ಸರಿ, ಗಾತ್ರ ಬಿಟ್ಟು ಒಂದು ಕೋಷ್ಟಕ ಬರೆಯೋಣ. ಮೊದಲ ಅಡ್ಡಸಾಲಿನಲ್ಲಿ ಅಂಶ 1 ಇರುವವು, ಎರಡನೆಯದರಲ್ಲಿ ಅಂಶ 2 ಇರುವವು, ಹೀಗೆ.

```
1/1  1/2  1/3  1/4  1/5 ...
2/1  2/2  2/3  2/4  2/5 ...
3/1  3/2  3/3  3/4  3/5 ...
4/1  4/2  4/3  4/4  4/5 ...
```

ಪ್ರತಿ ಧನ ಭಿನ್ನರಾಶಿಯೂ ಈ ಕೋಷ್ಟಕದಲ್ಲಿ ಎಲ್ಲೋ ಒಂದು ಕಡೆ ಇದೆ. 22/7 ಇರುವುದು 22ನೇ ಅಡ್ಡಸಾಲಿನ 7ನೇ ಮನೆಯಲ್ಲಿ. ಅಂದರೆ ಯಾವುದೂ ಬಿಟ್ಟುಹೋಗಿಲ್ಲ. ಆದರೆ ಕೋಷ್ಟಕ ಎರಡು ದಿಕ್ಕಿಗೆ ಹರಡಿದೆ, ನಮಗೆ ಬೇಕಿರುವುದು ಒಂದೇ ಸಾಲು. ಹಾಗಾದರೆ ಮೊದಲ ಅಡ್ಡಸಾಲನ್ನು ಪೂರ್ತಿ ಓದಿ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು ಅಂತ ಓದಿದರೆ? ಆಗುವುದಿಲ್ಲ. ಮೊದಲ ಅಡ್ಡಸಾಲಿಗೇ ಕೊನೆ ಇಲ್ಲ. 1/100 ಆಯಿತು, 1/101 ಆಯಿತು, 1/102 ಆಯಿತು, 2/1ರ ಸರದಿ ಬರುವುದೇ ಇಲ್ಲ. 2/1ಕ್ಕಿಂತ ಮುಂದೆ ಕೊನೆಯಿಲ್ಲದಷ್ಟು ಮಂದಿ ನಿಂತಿದ್ದಾರೆ. ನಮ್ಮ ನಿಯಮ ಮುರಿದದ್ದು ಸರಿಯಾಗಿ ಇಲ್ಲೇ. ಗಮನಿಸಿ, ಮೊದಲನೆಯ ಪ್ರಯತ್ನ ಕೆಟ್ಟಿದ್ದಕ್ಕೂ ಇದು ಕೆಟ್ಟಿದ್ದಕ್ಕೂ ಕಾರಣ ಬೇರೆ ಬೇರೆ. ಅಲ್ಲಿ ‘ಮುಂದಿನದು ಯಾವುದು’ ಅನ್ನುವುದಕ್ಕೇ ಉತ್ತರ ಇರಲಿಲ್ಲ. ಇಲ್ಲಿ ಮುಂದಿನದು ಯಾವುದು ಅಂತ ಪ್ರತಿ ಸಲವೂ ಗೊತ್ತು, ಆದರೂ ಹೆಚ್ಚಿನವರಿಗೆ ಸರದಿಯೇ ಬರುವುದಿಲ್ಲ.

ತೊಂದರೆ ಎಲ್ಲಿದೆ ಅಂತ ಗೊತ್ತಾದರೆ ಪರಿಹಾರವೂ ಅಲ್ಲೇ ಕಾಣುತ್ತದೆ. ಕೋಷ್ಟಕವನ್ನು ಕೊನೆಯಿಲ್ಲದ ಅಡ್ಡಸಾಲುಗಳಾಗಿ ಕತ್ತರಿಸಿದ್ದೇ ತಪ್ಪು. ಮುಗಿಯುವ ತುಂಡುಗಳಾಗಿ ಕತ್ತರಿಸಬೇಕು. ಮೇಲಿನ ಬಲಗಡೆಯಿಂದ ಕೆಳಗಿನ ಎಡಗಡೆಗೆ ಓರೆಯಾಗಿ ಕತ್ತರಿಸಿ ನೋಡಿ. ಒಂದೊಂದು ಓರೆ ಗೆರೆಯ ಮೇಲೂ ಅಂಶ ಮತ್ತು ಛೇದವನ್ನು ಕೂಡಿದರೆ ಒಂದೇ ಮೊತ್ತ ಬರುತ್ತದೆ:

```
ಮೊತ್ತ 2:  1/1
ಮೊತ್ತ 3:  1/2  2/1
ಮೊತ್ತ 4:  1/3  2/2  3/1
ಮೊತ್ತ 5:  1/4  2/3  3/2  4/1
ಮೊತ್ತ 6:  1/5  2/4  3/3  4/2  5/1
```

ಮೊತ್ತ 2 ಇರುವುದು ಒಂದೇ ಒಂದು. ಮೊತ್ತ 3 ಇರುವವು ಎರಡು. ಮೊತ್ತ 100 ಇರುವವು 99. ಯಾವ ಗುಂಪೂ ಕೊನೆಯಿಲ್ಲದ್ದಲ್ಲ. ಒಂದು ಗುಂಪು ಮುಗಿಸಿ ಮುಂದಿನದಕ್ಕೆ ಹೋಗಬಹುದು, ಅದನ್ನು ಮುಗಿಸಿ ಅದರ ಮುಂದಿನದಕ್ಕೆ. ಪ್ರತಿ ಭಿನ್ನರಾಶಿಗೂ ಅಂಶ-ಛೇದದ ಮೊತ್ತ ಅಂತ ಒಂದು ಇದ್ದೇ ಇರುತ್ತದೆ, ಆದ್ದರಿಂದ ಅದು ಯಾವುದೋ ಒಂದು ಗುಂಪಿನಲ್ಲಿ ಇದ್ದೇ ಇರುತ್ತದೆ. ಆ ಗುಂಪಿಗೆ ಮುಂಚೆ ಇರುವ ಗುಂಪುಗಳು ಲೆಕ್ಕಕ್ಕೆ ಸಿಗುವಷ್ಟೇ, ಅವುಗಳಲ್ಲಿ ಇರುವವೂ ಲೆಕ್ಕಕ್ಕೆ ಸಿಗುವಷ್ಟೇ. ಹಾಗಾಗಿ ಎಲ್ಲರ ಸರದಿಯೂ ಬರುತ್ತದೆ. ಸಾಧನೆಯ ತಿರುಳು ಇಷ್ಟೇ.

ಇದನ್ನು ಓದಿ ‘ಸರಿ’ ಅನ್ನುವುದಕ್ಕಿಂತ ಒಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು. 22/7 ತೆಗೆದುಕೊಳ್ಳಿ. ಮೊತ್ತ 29. ಅದಕ್ಕೂ ಮುಂಚಿನ ಗುಂಪುಗಳು ಮೊತ್ತ 2ರಿಂದ ಮೊತ್ತ 28ರವರೆಗಿನವು. ಅವುಗಳಲ್ಲಿ ಕ್ರಮವಾಗಿ 1, 2, 3, ... 27 ಭಿನ್ನರಾಶಿಗಳಿವೆ. 1ರಿಂದ 27ರವರೆಗೆ ಕೂಡಿದರೆ 27 × 28 / 2 = 378. ಮೊತ್ತ 29ರ ಗುಂಪು 1/28, 2/27, 3/26 ಅಂತ ಶುರುವಾಗುತ್ತದೆ, ಅಂದರೆ ಅಂಶ ಎಷ್ಟಿದೆಯೋ ಗುಂಪಿನಲ್ಲಿ ಅಷ್ಟನೆಯ ಜಾಗ. 22/7 ಇಪ್ಪತ್ತೆರಡನೆಯದು. 378 + 22 = 400. ಇದನ್ನೇ ಸೂತ್ರವಾಗಿ ಬರೆದರೆ p/q ಇರುವ ಜಾಗ

(p + q − 1)(p + q − 2)/2 + p

ತಿರುಗಿಸಿ ಕೇಳಿದರೂ ಉತ್ತರ ಸಿಗುತ್ತದೆ. ಸಾವಿರನೆಯ ಜಾಗದಲ್ಲಿ ಯಾರಿದ್ದಾರೆ? 1ರಿಂದ 44ರವರೆಗೆ ಕೂಡಿದರೆ 990. ಅಂದರೆ ಮೊದಲ 44 ಗುಂಪುಗಳಲ್ಲಿ 990 ಭಿನ್ನರಾಶಿಗಳು ಮುಗಿದವು. ಮುಂದಿನ ಗುಂಪಿನ ಮೊತ್ತ 46, ಅದರಲ್ಲಿ ಹತ್ತನೆಯದು 10/36. ಜಾಗ ಹೇಳಿದರೆ ಭಿನ್ನರಾಶಿ ಸಿಗುತ್ತದೆ, ಭಿನ್ನರಾಶಿ ಹೇಳಿದರೆ ಜಾಗ ಸಿಗುತ್ತದೆ. ಎರಡೂ ಕಡೆಯಿಂದ ಹೀಗೆ ಹೋಗಿ ಬರಲು ಆಗುವುದನ್ನು ಕೈಯಾರೆ ಲೆಕ್ಕ ಹಾಕಿ ನೋಡಿದಾಗ ಮಾತ್ರ ನನಗೆ ಈ ಸಾಧನೆ ನಿಜವಾಗಿ ಮನಸ್ಸಿಗೆ ಇಳಿದದ್ದು.

ಆದರೆ ಸಾವಿರನೆಯ ಜಾಗದ ಉತ್ತರದಲ್ಲೇ ಒಂದು ತೊಡಕು ಇಣುಕುತ್ತಿದೆ. 10/36 ಅಂದರೆ 5/18. ಅದು ಆಗಲೇ 236ನೇ ಜಾಗದಲ್ಲಿ ಬಂದುಹೋಗಿದೆ. ಹಾಗೆಯೇ 1/1, 2/2, 3/3 ಎಲ್ಲವೂ ಒಂದೇ ಸಂಖ್ಯೆ. ಬರಹ ಬೇರೆ, ಬೆಲೆ ಒಂದೇ. ಒಂದೊಂದು ಸಂಖ್ಯೆಯೂ ಈ ಸಾಲಿನಲ್ಲಿ ಕೊನೆಯಿಲ್ಲದಷ್ಟು ಸಲ ಬರುತ್ತದೆ. ನಮಗೆ ಬೇಕಿರುವುದು ಒಂದು ಸಂಖ್ಯೆಗೆ ಒಂದೇ ಜಾಗ.

ಇದಕ್ಕೆ ಪರಿಹಾರ ಸರಳ. ಸಾಲಿನ ಉದ್ದಕ್ಕೂ ನಡೆಯುತ್ತಾ, ಅಂಶಕ್ಕೂ ಛೇದಕ್ಕೂ 1ಕ್ಕಿಂತ ದೊಡ್ಡ ಸಾಮಾನ್ಯ ಅಪವರ್ತನ ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. 2/2 ಬಿಡಿ, 2/4 ಬಿಡಿ, 3/3 ಬಿಡಿ, 4/2 ಬಿಡಿ. ಉಳಿದವರು ಮುಂದೆ ಸರಿದು ನಿಲ್ಲುತ್ತಾರೆ. ಬಿಡುವುದರಿಂದ ಯಾರ ಜಾಗವೂ ಹಿಂದೆ ಹೋಗುವುದಿಲ್ಲ, ಮುಂದೆ ಬರುತ್ತದೆ ಅಷ್ಟೆ, ಹಾಗಾಗಿ ಸರದಿ ಬರುವ ಖಾತ್ರಿಗೆ ಏನೂ ಧಕ್ಕೆ ಇಲ್ಲ. ಈಗ ಸಾಲು ಹೀಗೆ ಕಾಣುತ್ತದೆ:

1, 1/2, 2, 1/3, 3, 1/4, 2/3, 3/2, 4, 1/5, 5, 1/6, ...

ಉದಾಹರಣೆಗೆ 3/5 ಹಳೆಯ ಸಾಲಿನಲ್ಲಿ 24ನೇ ಜಾಗದಲ್ಲಿತ್ತು. ಅದರ ಮುಂದೆ ನಿಂತಿದ್ದ ಐದು ಜನ ಹೊರಬಿದ್ದರು: 2/2, 2/4, 3/3, 4/2 ಮತ್ತು 2/6. ಹಾಗಾಗಿ ಹೊಸ ಸಾಲಿನಲ್ಲಿ ಅದು 19ನೆಯದು. ಒಂದೇ ಬೇಜಾರು ಅಂದರೆ, ಬಿಟ್ಟು ನಡೆದ ಮೇಲೆ ಮೇಲಿನ ಚೊಕ್ಕ ಸೂತ್ರ ಕೆಲಸಕ್ಕೆ ಬರುವುದಿಲ್ಲ. ಎಷ್ಟು ಜನ ಹೊರಬಿದ್ದರು ಅಂತ ಗುಂಪು ಗುಂಪಾಗಿ ಎಣಿಸಲೇಬೇಕು.

ಪುನರಾವರ್ತನೆಯೇ ಇಲ್ಲದ ಸಾಲನ್ನು ನೇರವಾಗಿ ಬರೆಯಲು ಆಗುವುದಿಲ್ಲವೇ? ಆಗುತ್ತದೆ, ಮತ್ತು ಅದು ತುಂಬಾ ಸುಂದರವಾಗಿದೆ. ನೀಲ್ ಕಾಲ್ಕಿನ್ ಮತ್ತು ಹರ್ಬರ್ಟ್ ವಿಲ್ಫ್ 2000ದಲ್ಲಿ ಪ್ರಕಟಿಸಿದ ಸಾಲು ಅದು. 1ರಿಂದ ಶುರು ಮಾಡಿ. ಕೈಯಲ್ಲಿರುವ ಸಂಖ್ಯೆ x, ಅದರ ಪೂರ್ಣಾಂಕ ಭಾಗ n ಆದರೆ ಮುಂದಿನ ಸಂಖ್ಯೆ 1/(2n − x + 1). ಹೀಗೆ ಹೋದರೆ 1, 1/2, 2, 1/3, 3/2, 2/3, 3, 1/4, 4/3, 3/5 ಅಂತ ಸಾಲು ಬೆಳೆಯುತ್ತದೆ. ಪ್ರತಿ ಧನ ಭಾಗಲಬ್ಧ ಸಂಖ್ಯೆಯೂ ಅದರಲ್ಲಿ ಒಂದೇ ಒಂದು ಸಲ ಬರುತ್ತದೆ, ಅದೂ ಅತಿ ಸಂಕ್ಷಿಪ್ತ ರೂಪದಲ್ಲೇ. ಇಲ್ಲಿ 3/5 ಹತ್ತನೆಯದು. ಯಾಕೆ ಒಂದೇ ಸಲ ಬರುತ್ತದೆ ಅನ್ನುವುದಕ್ಕೆ ಇನ್ನೊಂದು ಲೇಖನವೇ ಬೇಕು, ಆದರೆ ನಾಲ್ಕಾರು ಹೆಜ್ಜೆ ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ ನೋಡಿ, ಖುಷಿ ಆಗುತ್ತದೆ.

ಸೊನ್ನೆ ಮತ್ತು ಋಣ ಸಂಖ್ಯೆಗಳನ್ನು ಸೇರಿಸುವುದು ಬಾಕಿ ಇತ್ತು. ಧನ ಸಂಖ್ಯೆಗಳೆಲ್ಲ ಮುಗಿದ ಮೇಲೆ ಋಣ ಸಂಖ್ಯೆಗಳು ಅಂದರೆ ಮತ್ತೆ ಅದೇ ಹಳೆಯ ತಪ್ಪು, ಮುಗಿಯುವುದೇ ಇಲ್ಲವಲ್ಲ. ಸೊನ್ನೆಯನ್ನು ಮೊದಲು ನಿಲ್ಲಿಸಿ, ಆಮೇಲೆ ಒಂದು ಧನ, ಅದರ ಬೆನ್ನಿಗೇ ಅದರ ಋಣ ಜೋಡಿ: 0, 1, −1, 1/2, −1/2, 2, −2 ಹೀಗೆ. ಹತ್ತೊಂಬತ್ತನೆಯದಾಗಿದ್ದ 3/5 ಈಗ 38ನೇ ಜಾಗಕ್ಕೆ ಹೋಗುತ್ತದೆ, −3/5 ಇರುವುದು 39ರಲ್ಲಿ. ಎಲ್ಲ ಭಾಗಲಬ್ಧ ಸಂಖ್ಯೆಗಳೂ ಒಂದೇ ಸಾಲಿಗೆ ಬಂದವು.

ಇಷ್ಟಾದರೂ ಕೆಲವರಿಗೆ ಒಂದು ಅನುಮಾನ ಉಳಿಯುತ್ತದೆ, ಮತ್ತು ಅದು ಒಳ್ಳೆಯ ಅನುಮಾನ. 1/3ಕ್ಕೂ 1/2ಕ್ಕೂ ನಡುವೆಯೇ ಕೊನೆಯಿಲ್ಲದಷ್ಟು ಭಿನ್ನರಾಶಿಗಳಿವೆ, ಅವೆಲ್ಲ ಸಾಲಿನಲ್ಲಿ ಎಲ್ಲಿ ಹಿಡಿಸುತ್ತವೆ? ಉತ್ತರ ಏನೆಂದರೆ, ಅವು ಸಾಲಿನಲ್ಲಿ 1/3 ಮತ್ತು 1/2ರ ನಡುವೆ ನಿಲ್ಲುವುದಿಲ್ಲ. 2/5 ಮೊತ್ತ 7ರ ಗುಂಪಿನಲ್ಲಿ ಬರುತ್ತದೆ, 3/7 ಮೊತ್ತ 10ರಲ್ಲಿ, 3/8 ಮೊತ್ತ 11ರಲ್ಲಿ, 4/9 ಮೊತ್ತ 13ರಲ್ಲಿ. ಆ ಪುಟ್ಟ ಜಾಗದಲ್ಲಿ ಕಿಕ್ಕಿರಿದು ನಿಂತಿದ್ದವರೆಲ್ಲ ಸಾಲಿನ ಉದ್ದಕ್ಕೂ ದೂರ ದೂರ ಚದುರಿಹೋಗಿದ್ದಾರೆ. ಸಂಖ್ಯಾರೇಖೆಯ ಮೇಲೆ ಯಾರ ಪಕ್ಕದಲ್ಲಿ ಯಾರಿದ್ದಾರೆ ಅನ್ನುವ ಮಾಹಿತಿಯನ್ನು ಈ ಸಾಲು ಪೂರ್ತಿ ಕಳೆದುಕೊಳ್ಳುತ್ತದೆ. ಎಷ್ಟಿವೆ ಅಂತ ತಿಳಿಯಲು ಅದು ಬೇಕಾಗಿಯೂ ಇಲ್ಲ.

ಇನ್ನೊಂದು ಅನುಮಾನ ಇದಕ್ಕಿಂತ ಗಟ್ಟಿ. 1873ರ ನವೆಂಬರ್‌ನಲ್ಲಿ ಗೇಯಾರ್ಗ್ ಕ್ಯಾಂಟರ್ ತನ್ನ ಗೆಳೆಯ ರಿಚರ್ಡ್ ಡೆಡೆಕಿಂಡ್‌ಗೆ ಪತ್ರ ಬರೆದು, ಸಂಖ್ಯಾರೇಖೆಯ ಮೇಲಿನ ಎಲ್ಲ ಸಂಖ್ಯೆಗಳನ್ನೂ, ಅಂದರೆ ವಾಸ್ತವ ಸಂಖ್ಯೆಗಳನ್ನು, ಹೀಗೆ 1, 2, 3ರ ಜೊತೆ ಜೋಡಿಸಬಹುದೇ ಅಂತ ಕೇಳಿದ. ಆಗುವುದಿಲ್ಲ ಅಂತ ಕೆಲವೇ ದಿನಗಳಲ್ಲಿ ಅವನೇ ಸಾಧಿಸಿದ, 1874ರಲ್ಲಿ ಪ್ರಕಟಿಸಿದ. 1891ರಲ್ಲಿ ಅದಕ್ಕೊಂದು ಹೊಸ ಉಪಾಯ ಕೊಟ್ಟ: ಯಾರಾದರೂ ದಶಮಾಂಶ ಸಂಖ್ಯೆಗಳ ಒಂದು ಸಾಲು ತಂದರೆ, ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಮೂರನೆಯದರ ಮೂರನೇ ಅಂಕಿ, ಹೀಗೆ ಕರ್ಣದ ಉದ್ದಕ್ಕೂ ಹೋಗಿ ಪ್ರತಿ ಅಂಕಿಯನ್ನೂ ಬದಲಾಯಿಸಿ. ಸಿಗುವ ಸಂಖ್ಯೆ ಸಾಲಿನಲ್ಲಿ ಯಾವುದಕ್ಕೂ ಸಮ ಅಲ್ಲ. ಹಾಗಾದರೆ ಅದೇ ಉಪಾಯವನ್ನು ನಮ್ಮ ಭಿನ್ನರಾಶಿಗಳ ಸಾಲಿನ ಮೇಲೆ ಪ್ರಯೋಗಿಸಿದರೆ? ನಮ್ಮ ಸಾಲಿನಲ್ಲೂ ಇಲ್ಲದ ಒಂದು ಸಂಖ್ಯೆ ಸಿಗುತ್ತದಲ್ಲ, ಹಾಗಾದರೆ ನಮ್ಮ ಸಾಧನೆ ಬಿದ್ದುಹೋಯಿತೇ?

ಮಾಡಿಯೇ ನೋಡೋಣ. 0 ಮತ್ತು 1ರ ನಡುವಿನ ಭಿನ್ನರಾಶಿಗಳನ್ನು ಮಾತ್ರ ನಮ್ಮ ಕ್ರಮದಲ್ಲೇ ತೆಗೆದುಕೊಂಡರೆ 1/2, 1/3, 1/4, 2/3, 1/5, 1/6, 2/5, 3/4, 1/7, 3/5, 1/8, 2/7, ... ನಿಯಮ ಹೀಗಿರಲಿ: ಕರ್ಣದ ಮೇಲಿನ ಅಂಕಿ 4 ಆಗಿದ್ದರೆ 5 ಬರೆಯುತ್ತೇನೆ, ಬೇರೆ ಏನಿದ್ದರೂ 4 ಬರೆಯುತ್ತೇನೆ. 1/2 ಅಂದರೆ 0.5000..., ಮೊದಲ ಅಂಕಿ 5, ಹಾಗಾಗಿ 4. 1/3 ಅಂದರೆ 0.3333..., ಎರಡನೇ ಅಂಕಿ 3, ಮತ್ತೆ 4. 1/4 ಅಂದರೆ 0.2500..., ಮೂರನೇ ಅಂಕಿ 0, ಮತ್ತೆ 4. ಹೀಗೆ ಹನ್ನೊಂದು ಸಲ ಬರೀ 4 ಬರುತ್ತದೆ: 0.44444444444.

ಇಲ್ಲಿಗೆ ಬಂದಾಗ ಗಾಬರಿ ಆಗುತ್ತದೆ, ಯಾಕೆಂದರೆ 0.4444... ಅಂದರೆ 4/9. ಅದು ಭಿನ್ನರಾಶಿ, ನಮ್ಮ ಸಾಲಿನಲ್ಲಿ ಇರಬೇಕಾದದ್ದು! ಆದರೆ ಹನ್ನೆರಡನೆಯದಕ್ಕೆ ಬನ್ನಿ. 2/7 ಅಂದರೆ 0.285714285714..., ಅದರ ಹನ್ನೆರಡನೇ ಅಂಕಿ 4. ನಿಯಮದ ಪ್ರಕಾರ ನಾವು 5 ಬರೆಯಬೇಕು. ಸರಪಳಿ ಅಲ್ಲಿಗೆ ಮುರಿಯಿತು, 4/9 ಆಗಲಿಲ್ಲ. ಒಂದು ವೇಳೆ 2/7 ಹೀಗೆ ಅಡ್ಡ ಬರದಿದ್ದರೂ 4/9 ತಾನೇ ಅಡ್ಡ ಬರುತ್ತಿತ್ತು: ಅದು ಈ ಸಾಲಿನಲ್ಲಿ 26ನೆಯದು, ಅದರ 26ನೇ ಅಂಕಿ 4, ಹಾಗಾಗಿ ನಾವು ಅಲ್ಲಿ 5 ಬರೆಯಲೇಬೇಕು. ಯಾವ ಭಿನ್ನರಾಶಿಯಾಗಲು ಹೊರಟರೂ ಇದೇ ಆಗುತ್ತದೆ. ಆ ಭಿನ್ನರಾಶಿ ಸಾಲಿನಲ್ಲಿ ಎಲ್ಲೋ ನಿಂತಿದೆ, ಅದರ ಸರದಿ ಬಂದಾಗ ನಮ್ಮ ಸಂಖ್ಯೆ ಅದರಿಂದ ಒಂದು ಅಂಕಿಯಲ್ಲಿ ಬೇರೆಯಾಗುತ್ತದೆ. 0.5000... ಮತ್ತು 0.4999... ಒಂದೇ ಅನ್ನುವ ತಕರಾರು ಕೂಡ ಇಲ್ಲಿ ಏಳುವುದಿಲ್ಲ, ನಾವು ಬರೆಯುವುದು 4 ಮತ್ತು 5 ಮಾತ್ರ.

ಭಿನ್ನರಾಶಿಯನ್ನು ದಶಮಾಂಶದಲ್ಲಿ ಬರೆದರೆ ಎಲ್ಲೋ ಒಂದು ಕಡೆಯಿಂದ ಅಂಕಿಗಳು ಒಂದೇ ಮಾದರಿಯಲ್ಲಿ ಮರುಕಳಿಸಲೇಬೇಕು. ನಾವು ಬರೆಯುತ್ತಿರುವ 4 ಮತ್ತು 5ಗಳು ಎಂದೂ ಅಂಥ ಮಾದರಿಗೆ ಬೀಳುವುದಿಲ್ಲ, ಬಿದ್ದರೆ ಅದು ಸಾಲಿನಲ್ಲಿರುವ ಒಂದು ಭಿನ್ನರಾಶಿ ಆಗಿಬಿಡುತ್ತದೆ. ಅಂದರೆ ನಮ್ಮ ಕೈಗೆ ಸಿಕ್ಕಿರುವುದು ಒಂದು ಅಭಾಗಲಬ್ಧ ಸಂಖ್ಯೆ. ಅದು ಸಾಲಿನಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ, ಯಾಕೆಂದರೆ ಅದಕ್ಕೆ ಅಂಶ, ಛೇದ ಎರಡೂ ಇಲ್ಲ, ಕೂಡಿ ಒಂದು ಗುಂಪಿಗೆ ಸೇರಿಸಲು ಮೊತ್ತವೂ ಇಲ್ಲ. ಬೇಕಾದರೆ ಅದನ್ನು ತಂದು ಸಾಲಿನ ತುದಿಯಲ್ಲಿ ಮೊದಲನೆಯದಾಗಿ ನಿಲ್ಲಿಸಿ, ಎಲ್ಲರನ್ನೂ ಒಂದೊಂದು ಜಾಗ ಹಿಂದೆ ಸರಿಸಿ. ಕರ್ಣದ ಉದ್ದಕ್ಕೂ ಮತ್ತೆ ನಡೆದರೆ ಇನ್ನೊಂದು ಹೊಸ ಸಂಖ್ಯೆ ಹೊರಗೆ ನಿಂತಿರುತ್ತದೆ.